ನಮ್ಮ ಫಾಲೋವರ್‌ಗಳು ಯಾರು: ಮಂಡ್ಯ ಕೇಂದ್ರದ ಪರ್ಸೋನಾ ದಾಖಲೆ

ಇದು ನಮ್ಮ ಕೋಚಿಂಗ್ ಕೇಂದ್ರದ ಕೌಂಟರಿನಲ್ಲಿ ಕೂರುವವರು, ಪೋಸ್ಟರ್ ಮಾಡುವವರು, ವಾಟ್ಸಾಪಿಗೆ ಉತ್ತರ ಕೊಡುವವರು, ಬ್ಯಾಚ್ ಸಮಯ ನಿಗದಿ ಮಾಡುವ ಅಧ್ಯಾಪಕರು ಎಲ್ಲರೂ ಓದಬೇಕಾದ ದಾಖಲೆ. ಒಂದೇ ಕಾರಣಕ್ಕೆ ನಮ್ಮನ್ನು ಹುಡುಕಿಕೊಂಡು ಬಂದು, ಒಂದೇ ಕಡೆ ಹಿಂಜರಿಯುವ ಜನರ ಗುಂಪನ್ನು ಇಲ್ಲಿ ಒಂದು ಪರ್ಸೋನಾ ಎಂದು ಲೆಕ್ಕ ಹಿಡಿದಿದ್ದೇವೆ. ವಯಸ್ಸು, ಊರು ಆಮೇಲಿನ ಮಾತು. ಒಟ್ಟು ಮೂರು ಪರ್ಸೋನಾ ಇವೆ. ಇನ್‌ಸ್ಟಾಗ್ರಾಮಿನಲ್ಲಿ ನಮ್ಮನ್ನು ಫಾಲೋ ಮಾಡುವವರು ಬೇರೆ, ಫೀಸ್ ಕಟ್ಟುವವರು ಬೇರೆ. ಇದೊಂದು ತಲೆಯಲ್ಲಿದ್ದರೆ ಉಳಿದದ್ದು ಸಲೀಸು.

ಯಾವ ಲೆಕ್ಕದಿಂದ ಬಂದದ್ದು

ಇನ್‌ಸ್ಟಾಗ್ರಾಮ್ 3,840 ಫಾಲೋವರ್, ಟೆಲಿಗ್ರಾಂ ಚಾನೆಲ್ 1,150, ವಾಟ್ಸಾಪ್ ಬಿಸಿನೆಸ್‌ನಲ್ಲಿ ‘ವಿಚಾರಣೆ’ ಲೇಬಲ್ ಇರುವ 612 ಚಾಟ್, ಮತ್ತು ಈ ವರ್ಷದ ದಾಖಲಾತಿ ಪುಸ್ತಕ: 118 ಮಂದಿ, ಪಿಯು ವಿಜ್ಞಾನ ಮತ್ತು ಸಿಇಟಿಗೆ 74, ಸ್ಪರ್ಧಾತ್ಮಕ ಪರೀಕ್ಷೆಗೆ 44.

ಇನ್‌ಸ್ಟಾಗ್ರಾಮಿನ ಇನ್‌ಸೈಟ್ಸ್ ಪ್ರಕಾರ ನಮ್ಮ ಫಾಲೋವರ್‌ಗಳಲ್ಲಿ ಬೆಂಗಳೂರು 31%, ಮಂಡ್ಯ 27%, ಮೈಸೂರು 14%. ವಯಸ್ಸು 18–24 ಇರುವವರು 52%, 13–17 ಇರುವವರು 21%. ಇದನ್ನೇ ನಂಬಿದರೆ ನಾವು ಬೆಂಗಳೂರಿನ ಕಾಲೇಜು ಹುಡುಗರಿಗೆ ಪೋಸ್ಟರ್ ಮಾಡುತ್ತಾ ಕೂರಬೇಕಾಗುತ್ತದೆ. ಎರಡೂ ಅಂಕಿ ಓರೆಯಾಗಿವೆ. ಮೊಬೈಲ್ ಡೇಟಾದ ಐಪಿ ವಿಳಾಸ ಎಷ್ಟೋ ಸಲ ಬೆಂಗಳೂರಿನದಾಗಿ ಕಾಣುವುದರಿಂದ ಮಳವಳ್ಳಿಯ ಹಳ್ಳಿಯಲ್ಲಿ ಕೂತವರೂ ಬೆಂಗಳೂರಿನವರ ಲೆಕ್ಕಕ್ಕೆ ಸೇರಬಹುದು. ವಯಸ್ಸಂತೂ ಖಾತೆ ತೆರೆಯುವಾಗ ಹಾಕಿದ ಹುಟ್ಟಿದ ದಿನದ ಮೇಲೆ ನಿಂತಿದೆ. ಆಗ ನಿಜ ಹಾಕಿದವರು ಎಷ್ಟು ಜನ? ಪಿಯು ಬ್ಯಾಚಿನಲ್ಲಿ ಕೈ ಎತ್ತಿಸಿ ಎಣಿಸಿದಾಗ ಹಾಜರಿದ್ದ 63 ಮಂದಿಯಲ್ಲಿ 41 ಮಂದಿ ಇನ್‌ಸ್ಟಾ ನೋಡುತ್ತಾರೆ ಎಂದು ಗೊತ್ತಾಯಿತು. ಆ 41ರಲ್ಲಿ 19 ಮಂದಿ ನೋಡುವುದು ಅಣ್ಣನ ಅಥವಾ ಅಮ್ಮನ ಖಾತೆಯಲ್ಲಿ. ಅಂದರೆ ಇನ್‌ಸೈಟ್ಸಿನ ‘25–34’ ಗುಂಪಿನೊಳಗೆ ನಮ್ಮ ಹದಿನೇಳರ ಹುಡುಗಿಯೂ ಇದ್ದಾಳೆ.

ಹಾಗಾಗಿ ಇನ್‌ಸೈಟ್ಸನ್ನು ಪೋಸ್ಟ್ ಹಾಕುವ ಹೊತ್ತು ಗೊತ್ತುಮಾಡಲು ಮಾತ್ರ ಬಳಸಿದ್ದೇವೆ. ಪರ್ಸೋನಾ ಕಟ್ಟಿದ್ದು ಜನ ಕೇಳಿದ ಪ್ರಶ್ನೆಗಳಿಂದ.

ಪ್ರಶ್ನೆಗಳನ್ನು ಎಣಿಸಿದ ಬಗೆ

ಏಪ್ರಿಲ್‌ನಿಂದ ಜೂನ್‌ವರೆಗಿನ 240 ವಿಚಾರಣೆಗಳನ್ನು ಒಂದೊಂದಾಗಿ ಓದಿ ಶೀಟಿಗೆ ಏರಿಸಿದೆವು. ಏಳು ಕಾಲಂ: ಎ ಕ್ರಮಸಂಖ್ಯೆ, ಬಿ ಕೇಳಿದವರು (ವಿದ್ಯಾರ್ಥಿ, ಪೋಷಕರು, ಇತರೆ), ಸಿ ತಾಲ್ಲೂಕು, ಡಿ ಕೋರ್ಸ್, ಇ ಮೊದಲ ಪ್ರಶ್ನೆ, ಎಫ್ ಹೊತ್ತು, ಜಿ ಕೊನೆಗೆ ಏನಾಯಿತು. ಮೊದಲ ಪ್ರಶ್ನೆಯನ್ನು ಅವರು ಹೇಳಿದ ಹಾಗೆಯೇ ಬರೆಯಬೇಕು. ‘ಸಮಯದ ಬಗ್ಗೆ ವಿಚಾರಿಸಿದರು’ ಎಂದು ತಿದ್ದಿ ಬರೆದ ಸಾಲು ದಂಡ. ‘ಎಷ್ಟೊತ್ಗೆ ಬುಡ್ತೀರಾ ಸಾರ್, ಪಾಂಡವಪುರದ ಬಸ್ಸು ಸಿಕ್ಬೇಕು’ ಎಂದು ಬರೆದ ಸಾಲಿನಲ್ಲಿ ಊರು, ಭಯ, ತೀರ್ಮಾನ ಮಾಡುವವರು ಯಾರು ಎಲ್ಲವೂ ಸಿಗುತ್ತವೆ.

ಒಂದು ಸಾಲು ಅಂದರೆ ಒಂದು ಮನೆ, ಒಂದು ಮೆಸೇಜಲ್ಲ. ಮಗಳು ಇನ್‌ಸ್ಟಾದಲ್ಲಿ ಕೇಳಿರುತ್ತಾಳೆ, ಅದೇ ವಾರ ಅಪ್ಪ ವಾಟ್ಸಾಪಿನಲ್ಲಿ ವಾಯ್ಸ್ ನೋಟ್ ಕಳಿಸಿರುತ್ತಾರೆ. ಇಂಥವನ್ನು ಕೂಡಿಸಿದ ಮೇಲೆ 240 ಇದ್ದದ್ದು 204 ಮನೆಗೆ ಇಳಿಯಿತು. ಕೂಡಿಸದೆ ಬಿಟ್ಟಿದ್ದರೆ ಪೋಷಕರೂ ಮಕ್ಕಳೂ ಎರಡು ಬೇರೆ ಪರ್ಸೋನಾ ಆಗಿ ಇಬ್ಬರಿಗೂ ಅರ್ಧರ್ಧ ಉತ್ತರ ಹೋಗುತ್ತಿತ್ತು. ಕೂಡಿಸಿದ ಸಾಲಿನಲ್ಲಿ ಬಿ ಕಾಲಂಗೆ ‘ಪೋಷಕರು’ ಎಂದು ಹಾಕಬೇಕು. ಎಣಿಕೆಯ ಸೂತ್ರ ಇದು:

```
=COUNTIFS(B:B,"ಪೋಷಕರು",D:D,"ಪಿಯು",G:G,"ಸೇರಿದರು")
```

ಡ್ರಾಪ್‌ಡೌನ್ ಹಾಕದೆ ಕೈಯಲ್ಲಿ ಟೈಪ್ ಮಾಡಿದರೆ ಒಬ್ಬರು ‘ಪೋಷಕರು’, ಇನ್ನೊಬ್ಬರು ‘ಪೋಷಕ’, ಮತ್ತೊಬ್ಬರು ‘ತಂದೆ’ ಎಂದು ಹಾಕುತ್ತಾರೆ. ಸೂತ್ರ ಮೊದಲನೆಯದನ್ನಷ್ಟೇ ಎಣಿಸುತ್ತದೆ. ಬಿ, ಡಿ, ಜಿ ಮೂರೂ ಕಾಲಂಗೆ ಡ್ರಾಪ್‌ಡೌನ್ ಕಡ್ಡಾಯ.

ಶೀಟಿನಲ್ಲಿ ಫೋನ್ ನಂಬರ್ ಇಲ್ಲ, ಹೆಸರಿಲ್ಲ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯ ಪ್ರಕಾರ 18 ತುಂಬದವರು ಮಕ್ಕಳು. ಅವರ ಮಾಹಿತಿ ಬಳಸಲು ಪೋಷಕರ ಒಪ್ಪಿಗೆ ಬೇಕು, ಅವರನ್ನು ಹಿಂಬಾಲಿಸಿ ಗುರಿಯಿಟ್ಟು ಜಾಹೀರಾತು ಹಾಕುವಂತಿಲ್ಲ. ನಮ್ಮ ಪಿಯು ಬ್ಯಾಚಿನ ಬಹುಪಾಲು ಮಕ್ಕಳು ಈ ವಯಸ್ಸಿನವರೇ. ಆದ್ದರಿಂದ ಪಿಯು ನಂಬರ್ ಪಟ್ಟಿಯನ್ನು ಜಾಹೀರಾತು ಖಾತೆಗೆ ಏರಿಸಬಾರದು. ‘ಎಲ್ಲರೂ ಮಾಡ್ತಾರೆ’ ಅನ್ನುವ ಮಾತು ಇಲ್ಲಿ ನಡೆಯುವುದಿಲ್ಲ.

ಪರ್ಸೋನಾ 1: ತಾಲ್ಲೂಕಿನಿಂದ ಬರುವ ಪಿಯು ಹುಡುಗಿ, ಹಿಂದೆ ಅಪ್ಪ

88 ಮನೆ, ಸೇರಿದವರು 31. ಪಾಂಡವಪುರ, ಮದ್ದೂರು, ನಾಗಮಂಗಲ, ಕೆ.ಆರ್. ಪೇಟೆ ಕಡೆಯವರು ಹೆಚ್ಚು. ಹುಡುಗರೂ ಇದ್ದಾರೆ. ಆದರೆ ಕೊನೆ ಗಳಿಗೆಯಲ್ಲಿ ಕೈತಪ್ಪಿದ ಮನೆಗಳಲ್ಲಿ ಹೆಣ್ಣುಮಕ್ಕಳದ್ದೇ ಹೆಚ್ಚು, ಅದಕ್ಕೇ ಈ ಹೆಸರು.

ಹತ್ತನೇ ತರಗತಿವರೆಗೆ ಕನ್ನಡ ಮಾಧ್ಯಮದಲ್ಲಿ ಓದಿ ಈಗ ಇಂಗ್ಲಿಷಿನಲ್ಲಿ ಭೌತಶಾಸ್ತ್ರ ಓದುತ್ತಿದ್ದಾಳೆ. ಅವಳ ಮೆಸೇಜ್ ಬರುವುದು ಕಾಲೇಜು ಬಿಟ್ಟ ಮೇಲೆ, ನಾಲ್ಕರಿಂದ ಐದರ ನಡುವೆ, ಇಂಗ್ಲಿಷ್ ಅಕ್ಷರದಲ್ಲಿ ಟೈಪಿಸಿದ ಕನ್ನಡದಲ್ಲಿ: ‘ಮೇಡಂ, ಕನ್ನಡದಲ್ಲೂ ಹೇಳಿಕೊಡ್ತಾರಾ?’ ಅಪ್ಪನ ವಾಯ್ಸ್ ನೋಟ್ ಬರುವುದು ರಾತ್ರಿ ಎಂಟೂವರೆಯಿಂದ ಹತ್ತರೊಳಗೆ. ಅವರು ಫೀಸ್ ಕೇಳುವುದು ಎರಡನೆಯದಾಗಿ. ಮೊದಲು ಕೇಳುವುದು ಬಿಡುವ ಹೊತ್ತು. 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದ ಮೇಲೆ ಹೆಣ್ಣುಮಕ್ಕಳಿಗೆ ಬಸ್ ಚಾರ್ಜಿನ ಚಿಂತೆ ಇಲ್ಲ, ದೂರ ಅನ್ನುವುದು ಈಗ ದುಡ್ಡಿನ ಪ್ರಶ್ನೆಯಲ್ಲ. ಕತ್ತಲಾದ ಮೇಲೆ ಸ್ಟ್ಯಾಂಡಿನಲ್ಲಿ ನಿಲ್ಲುವ ಹೊತ್ತಿನ ಪ್ರಶ್ನೆ.

ಇಲ್ಲಿ ನಾವು ಎಡವಿರುವುದು ಪೋಸ್ಟರಿನಲ್ಲಿ. ಬ್ಯಾಚ್ ಶುರುವಾಗುವ ಹೊತ್ತು ದಪ್ಪಕ್ಷರದಲ್ಲಿದೆ, ಬಿಡುವ ಹೊತ್ತು ಎಲ್ಲೂ ಇಲ್ಲ. ಇನ್ನು ಮುಂದೆ ಪಿಯು ಪೋಸ್ಟರಿನಲ್ಲಿ ‘ಸಂಜೆ 4:45ರಿಂದ 6:30’ ಎಂದು ಎರಡೂ ಇರಬೇಕು. ಅದರ ಕೆಳಗೆ ಯಾವ ತಾಲ್ಲೂಕಿಗೆ ಆಮೇಲೆ ಬಸ್ಸಿದೆ ಎಂಬ ಸಾಲು. ಬಸ್ ಸಮಯವನ್ನು ಸ್ಟ್ಯಾಂಡಿನಲ್ಲಿ ವಿಚಾರಿಸಿಯೇ ಹಾಕಬೇಕು, ಅಂದಾಜಿಗೆ ಹಾಕಿ ಒಂದು ದಿನ ತಪ್ಪಿದರೆ ಆ ಊರಿನಿಂದ ಮತ್ತೆ ಯಾರೂ ಬರುವುದಿಲ್ಲ.

ಫೀಸ್ ವಿಷಯಕ್ಕೆ ಬಂದರೆ, ‘ಕಬ್ಬಿನ ದುಡ್ಡು ಬರ್ಲಿ, ಮಿಕ್ಕಿದ್ದು ಕಟ್ತೀವಿ’ ಅನ್ನುವುದು ನೆಪವಲ್ಲ. ಕಾರ್ಖಾನೆ ಕಬ್ಬು ಅರೆಯಲು ಶುರುಮಾಡಿ, ಬಿಲ್ ಖಾತೆಗೆ ಬೀಳುವವರೆಗೆ ಆ ಮನೆಯಲ್ಲಿ ನಗದು ಇರುವುದಿಲ್ಲ. ಮೂರು ಕಂತಿನ ಮಾತನ್ನು ಅವರೇ ಕೇಳಲಿ ಎಂದು ಕಾಯದೆ ಮೊದಲ ಉತ್ತರದಲ್ಲೇ ಹೇಳಿಬಿಡಬೇಕು. ಚೌಕಾಸಿ ಮಾಡಲು ಸಂಕೋಚ ಪಡುವವರು ‘ಯೋಚ್ನೆ ಮಾಡ್ ಹೇಳ್ತೀವಿ’ ಎಂದು ಹೇಳಿ ಸುಮ್ಮನಾಗುತ್ತಾರೆ. ಶೀಟಿನಲ್ಲಿ ಈ ಸಾಲುಗಳ ಜಿ ಕಾಲಂ ಬಹುತೇಕ ಖಾಲಿ.

ಅಪ್ಪನಿಗೆ ತಲುಪುವ ದಾರಿ ವಾಟ್ಸಾಪ್, ರೀಲ್ ಅಲ್ಲ. ಬ್ರಾಡ್‌ಕಾಸ್ಟ್ ಪಟ್ಟಿಗೆ 256 ಮಂದಿಯ ಮಿತಿ ಇದೆ, ಮತ್ತು ನಮ್ಮ ನಂಬರನ್ನು ಸೇವ್ ಮಾಡಿಕೊಂಡವರಿಗೆ ಮಾತ್ರ ಅದು ಹೋಗುತ್ತದೆ. ಹೀಗಾಗಿ ಕೌಂಟರಿಗೆ ಬಂದವರ ಎದುರಿಗೇ ನಂಬರ್ ಸೇವ್ ಮಾಡಿಸಬೇಕು. ‘ಕಳಿಸಿದ್ವಲ್ಲ, ನೋಡ್ಲಿಲ್ವಾ ಯಜಮಾನ್ರೇ?’ ಎಂದು ಕೇಳುವ ಮೊದಲು ಇದನ್ನು ನೋಡಿಕೊಳ್ಳಿ.

ಪರ್ಸೋನಾ 2: ಕೆಲಸದಲ್ಲಿದ್ದುಕೊಂಡೇ ಸರ್ಕಾರಿ ಕೆಲಸಕ್ಕೆ ಕಾಯುವವರು

61 ಮಂದಿ, ಸೇರಿದವರು 14. ಪದವಿ ಮುಗಿಸಿ ಅಂಗಡಿ, ಫೈನಾನ್ಸ್, ಗಾರ್ಮೆಂಟ್ಸ್‌ನಲ್ಲಿ ಇರುವವರು, ದಿನಾ ರೈಲಿನಲ್ಲಿ ಬೆಂಗಳೂರಿಗೋ ಮೈಸೂರಿಗೋ ಹೋಗಿಬರುವವರು. ತಾವೇ ಕೇಳುತ್ತಾರೆ, ತಾವೇ ಕಟ್ಟುತ್ತಾರೆ. ಮೊದಲ ಪ್ರಶ್ನೆ: ‘ನೋಟಿಫಿಕೇಶನ್ ಯಾವಾಗ ಬರುತ್ತೆ ಸರ್?’

ಕೆಪಿಎಸ್‌ಸಿ ಎಫ್‌ಡಿಎ, ಎಸ್‌ಡಿಎ ಆಗಲಿ, ಪೊಲೀಸ್ ಕಾನ್‌ಸ್ಟೇಬಲ್ ಆಗಲಿ, ಅಧಿಸೂಚನೆಯ ದಿನ ನಮ್ಮ ಕೈಯಲ್ಲಿಲ್ಲ. ಇವರ ಹಿಂಜರಿಕೆಯೂ ಅದೇ: ಈಗ ಫೀಸ್ ಕಟ್ಟಿ, ಪರೀಕ್ಷೆ ಮುಂದಿನ ವರ್ಷಕ್ಕೆ ಹೋದರೆ? ಇವರಿಗೆ ‘ಬೇಗ ಬರುತ್ತೆ’ ಎಂದು ಹೇಳಕೂಡದು. ಹೇಳಬೇಕಾದದ್ದು, ಅಧಿಸೂಚನೆ ತಡವಾದರೆ ಅದೇ ಫೀಸಿನಲ್ಲಿ ಮುಂದಿನ ಬ್ಯಾಚಿನಲ್ಲಿ ಕೂರಬಹುದು ಎಂಬ ನಮ್ಮ ನಿಯಮ. ಅದು ಇದೆ, ಆದರೆ ಎಲ್ಲೂ ಬರೆದು ಹಾಕಿಲ್ಲ.

ಟೆಲಿಗ್ರಾಂ ಇವರ ಜಾಗ. ಕನ್ನಡದ ಪಿಡಿಎಫ್ ಹಾಕಿದ ದಿನ ವೀಕ್ಷಣೆ ಏರುತ್ತದೆ, ಶುಭಾಶಯದ ಚಿತ್ರ ಹಾಕಿದ ದಿನ ಚಾನೆಲ್ ಮ್ಯೂಟ್ ಆಗುತ್ತದೆ. ರಾತ್ರಿ ಒಂಬತ್ತೂವರೆ ಆದ ಮೇಲೆ ಹಾಕಿ.

ಪರ್ಸೋನಾ 3: ಮೊದಲ ಪರೀಕ್ಷೆಯ ಫಲಿತಾಂಶ ನೋಡಿ ಓಡಿಬರುವವರು

29 ಮನೆ, ಸೇರಿದವರು 9. ಮೂವತ್ತು ದಾಟದ ಗುಂಪಿನ ಶೇಕಡಾವಾರು ಲೆಕ್ಕ ಹಾಕಬೇಡಿ, ಇದು ತಾತ್ಕಾಲಿಕ ಪರ್ಸೋನಾ. ಆದರೂ ಬಿಡದೆ ಇಟ್ಟುಕೊಂಡ ಕಾರಣ ಇದೆ. 2024ರಿಂದ ದ್ವಿತೀಯ ಪಿಯುಗೆ ವರ್ಷಕ್ಕೆ ಒಂದಕ್ಕಿಂತ ಹೆಚ್ಚು ಪರೀಕ್ಷೆ. 2024, 2025 ಎರಡೂ ವರ್ಷ ಮೊದಲ ಪರೀಕ್ಷೆಯ ಫಲಿತಾಂಶಕ್ಕೂ ಎರಡನೇ ಪರೀಕ್ಷೆಗೂ ನಡುವೆ ಮೂರು ವಾರವೂ ಸಿಗಲಿಲ್ಲ. ಎಂಜಿನಿಯರಿಂಗ್ ರ‍್ಯಾಂಕಿಗೆ ಪಿಯು ಅಂಕ ಅರ್ಧ, ಸಿಇಟಿ ಅಂಕ ಅರ್ಧ ಆದ್ದರಿಂದ ಫೇಲಾದವರು ಮಾತ್ರವಲ್ಲ, ಪಾಸಾಗಿ ಗಣಿತದಲ್ಲಿ ಅಂಕ ಸಾಲದವರೂ ಬರುತ್ತಾರೆ.

ಇವರು ಫಲಿತಾಂಶದ ದಿನ ಸಂಜೆಯಿಂದ ಮೂರ್ನಾಲ್ಕು ದಿನ ಕೇಳುತ್ತಾರೆ, ಆಮೇಲೆ ಸದ್ದಿಲ್ಲ. ಪೋಸ್ಟರ್, ವಿಷಯವಾರು ಫೀಸ್, ದಿನವಹಿ ಪಾಠದ ಪಟ್ಟಿ ಮಾರ್ಚ್ ಕೊನೆಗೇ ಸಿದ್ಧವಿರಬೇಕು. ಕೇಳುವ ದನಿ ಹೆಚ್ಚಾಗಿ ಅಮ್ಮನದು, ಮಗ ಪಕ್ಕದಲ್ಲಿ ತಲೆ ತಗ್ಗಿಸಿ ನಿಂತಿರುತ್ತಾನೆ. ‘ಯಾಕೆ ಕಡಿಮೆ ಬಂತು?’ ಎಂಬ ಪ್ರಶ್ನೆ ಕೌಂಟರಿನಿಂದ ಬರಕೂಡದು. ಯಾವ ವಿಷಯ, ಎಷ್ಟು ಅಂಕ, ಇಷ್ಟೇ ಕೇಳಿ. ‘ಇಷ್ಟು ಅಂಕ ಗ್ಯಾರಂಟಿ’ ಎಂದು ಯಾರೂ ಹೇಳಬಾರದು. ಹಳೆ ವಿದ್ಯಾರ್ಥಿಯ ಫೋಟೊ ಪೋಸ್ಟರಿಗೆ ಹಾಕುವ ಮುನ್ನ ಲಿಖಿತ ಒಪ್ಪಿಗೆ ಇರಬೇಕು.

ಪರ್ಸೋನಾ ಮಾಡದೆ ಬಿಟ್ಟವರು

ಗುಣಾಕಾರದ ಸುಲಭೋಪಾಯದ ರೀಲ್ ಓಡಿದಾಗ ಸುಮಾರು 600 ಫಾಲೋವರ್ ಬಂದರು. ಅದರ ಕಾಮೆಂಟುಗಳಲ್ಲಿ ಕಲಬುರಗಿ, ವಿಜಯಪುರ ಕಡೆಯ ಮಾತೇ ಹೆಚ್ಚು. ಖುಷಿ ಕೊಡುವ ಸಂಖ್ಯೆ, ಆದರೆ ಅವರು ಮಂಡ್ಯದ ಬೆಂಚಿಗೆ ಬರುವವರಲ್ಲ. ಆನ್‌ಲೈನ್ ಕೋರ್ಸ್ ಶುರುವಾಗುವವರೆಗೆ ಅವರನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ. ಹಳೆ ವಿದ್ಯಾರ್ಥಿಗಳು, ಬೇರೆ ಕೇಂದ್ರಗಳ ಮೇಷ್ಟ್ರುಗಳು ಕೂಡ ನಮ್ಮನ್ನು ನೋಡುತ್ತಿರುತ್ತಾರೆ, ನೋಡಲಿ.

204ರಲ್ಲಿ 26 ಮನೆ ಯಾವ ಗುಂಪಿಗೂ ಸೇರಲಿಲ್ಲ. ಒತ್ತಾಯಕ್ಕೆ ತುರುಕಿಲ್ಲ. ಅದರಲ್ಲಿ ಏಳು ಮಂದಿ ಮಗು ಶಾಲೆಗೆ ಹೋದ ಮೇಲೆ ಬೆಳಿಗ್ಗೆ ಹನ್ನೊಂದಕ್ಕೆ ತರಗತಿ ಇದೆಯೇ ಎಂದು ಕೇಳಿದ ಗೃಹಿಣಿಯರು. ನಮ್ಮ ಶೀಟ್ ಬರೀ ದಾಖಲಾತಿ ಕಾಲದ್ದು. ಕಾನ್‌ಸ್ಟೇಬಲ್ ಅಥವಾ ಎಸ್‌ಡಿಎ ಅಧಿಸೂಚನೆ ಬಂದ ವಾರ ಇಂಥ ಸಾಲು ಇಪ್ಪತ್ತು ದಾಟಿದರೆ ನಾಲ್ಕನೇ ಪರ್ಸೋನಾ ಬರೆಯೋಣ, ಬೆಳಗಿನ ಬ್ಯಾಚಿನ ಮಾತನ್ನೂ ಆಗಲೇ ಎತ್ತೋಣ.

ಅಕ್ಟೋಬರ್‌ವರೆಗೆ ಆಗಬೇಕಾದ್ದು

ವಿಚಾರಣೆ ಪುಸ್ತಕಕ್ಕೆ ಎರಡು ಕಾಲಂ ಸೇರಿಸಿ: ‘ನಮ್ಮನ್ನು ಮೊದಲು ಎಲ್ಲಿ ನೋಡಿದಿರಿ?’, ‘ಸೇರದಿದ್ದರೆ ಕಾರಣ’. ಎರಡನೆಯದನ್ನು ಹತ್ತು ದಿನ ಬಿಟ್ಟು ಒಮ್ಮೆ ಮಾತ್ರ ಫೋನ್ ಮಾಡಿ ಕೇಳಬೇಕು. ಮೊದಲ ಪರ್ಸೋನಾದಲ್ಲಿ ಸೇರದೆ ಹೋದ 57 ಮನೆಗಳಲ್ಲಿ ಬಸ್ಸಿಗಾಗಿ ಬಿಟ್ಟವರೆಷ್ಟು, ಕಂತಿಗಾಗಿ ಬಿಟ್ಟವರೆಷ್ಟು ಎಂಬುದು ಈಗಿನ ಲೆಕ್ಕದಲ್ಲಿ ಬೇರೆಯಾಗಿಲ್ಲ. ಬ್ಯಾಚನ್ನು ಕಾಲು ಗಂಟೆ ಮುಂಚೆ ಬಿಡುವುದೋ, ಕಂತನ್ನು ನಾಲ್ಕಕ್ಕೆ ಏರಿಸುವುದೋ ಎಂಬ ತೀರ್ಮಾನ ಆ ಕಾಲಂ ತುಂಬಿದ ಮೇಲೆ.