ಮೂರನೇ ವಾರದ ಹೋಮ್‌ವರ್ಕ್: ಮಾವಿನಹಣ್ಣು ನಿಮ್ಮನ್ನು ತಿಂದ ಕಥೆ

ನಾಲ್ವರಿಗೂ ನಮಸ್ಕಾರ.

ಭಾನುವಾರ ನೀವು ಕೊಟ್ಟು ಹೋದ ಟಗಾಲೊಗ್ ವಾಕ್ಯಗಳನ್ನೆಲ್ಲ ನೋಡಿದೆ. ಫಿಲಿಪ್ಪೀನ್ಸ್‌ನ ಲಾಸ್ ಬಾನ್ಯೋಸ್‌ಗೆ ಬಂದು ಮೂರು ತಿಂಗಳೂ ಆಗಿಲ್ಲ, ಇಷ್ಟು ಬರೆದಿದ್ದೀರಲ್ಲ, ಖುಷಿಯಾಯ್ತು. ತಪ್ಪುಗಳು ಹೆಚ್ಚುಕಮ್ಮಿ ಎಲ್ಲರದ್ದೂ ಒಂದೇ. ಅದಕ್ಕೇ ಒಟ್ಟಿಗೆ ತಿದ್ದಿ ಕಳಿಸುತ್ತಿದ್ದೇನೆ. ಎಂದಿನಂತೆ ಕನ್ನಡ ಲಿಪಿಯಲ್ಲೇ ಬರೆದಿದ್ದೇನೆ. ಎನ್, ಜಿ ಸೇರಿ ಆಗುವ ಸದ್ದಿಗೆ ನಮ್ಮ ಙ ಹಾಕಿದ್ದೇನೆ. ಒಂದನೇ ಕ್ಲಾಸಿನಲ್ಲಿ ಬಾಯಿಪಾಠ ಮಾಡಿ ಮರೆತ ಅಕ್ಷರ ಅದು. ಇಲ್ಲಿ ಅದಕ್ಕೆ ದಿನವಿಡೀ ಕೆಲಸ. ಇವರ ಈಗಿನ 28 ಅಕ್ಷರಗಳಲ್ಲಿ ಅದಕ್ಕೇ ಒಂದು ಜಾಗ ಇದೆ.

ಮೊದಲು ನನ್ನನ್ನು ನಗಿಸಿದ್ದು.

ಬರೆದದ್ದು: ಕಿನಾಯಿನ್ ಅಕೊ ನಙ್ ಮಂಗಾ.
ಹೇಳಬೇಕಿದ್ದದ್ದು: ಕಿನಾಯಿನ್ ಕೊ ಅಙ್ ಮಂಗಾ.

ನೀವು ಬರೆದದ್ದರ ಅರ್ಥ "ಮಾವಿನಹಣ್ಣು ನನ್ನನ್ನು ತಿಂದಿತು". ಪದಗಳೆಲ್ಲ ಸರಿ, ಪಾತ್ರಗಳು ಅದಲುಬದಲು. ಮೂಲ ಪದ ಕಾಯಿನ್. ಅದರ ಹೊಟ್ಟೆಯೊಳಗೆ ಉಮ್ ಸೇರಿದರೆ ಕುಮಾಯಿನ್, ಇನ್ ಸೇರಿದರೆ ಕಿನಾಯಿನ್. ಉಮ್ ಇದ್ದರೆ ಅಙ್ ಅನ್ನುವ ಗುರುತು ತಿಂದವರಿಗೆ ಹೋಗುತ್ತದೆ. ಇನ್ ಇದ್ದರೆ ತಿನ್ನಿಸಿಕೊಂಡದ್ದಕ್ಕೆ. ಅಕೊ ಅನ್ನುವುದು "ನಾನು"ವಿನ ಅಙ್ ರೂಪ, ಕೊ ಅನ್ನುವುದು ನಙ್ ರೂಪ. ಕಿನಾಯಿನ್ ಪಕ್ಕ ಅಕೊ ಇಟ್ಟರೆ ನೀವೇ ತಟ್ಟೆಯಲ್ಲಿ ಕೂತಂತೆ.

"ಹಾಗಾದರೆ ಇದು ಕರ್ಮಣಿ ಪ್ರಯೋಗ, ನನ್ನಿಂದ ಹಣ್ಣು ತಿನ್ನಲ್ಪಟ್ಟಿತು ಅಂತ" ಎಂದು ಒಬ್ಬರು ಪಕ್ಕದಲ್ಲಿ ಪೆನ್ಸಿಲ್‌ನಲ್ಲಿ ಬರೆದಿದ್ದೀರಿ. ಅದನ್ನು ಅಳಿಸಿಬಿಡಿ. ತಿನ್ನಲ್ಪಟ್ಟಿತು ಅಂತ ನಾವು ಯಾರಾದರೂ ಮಾತಾಡ್ತೀವಾ? ಇಲ್ಲಿಯವರು ಕಿನಾಯಿನ್ ಅನ್ನುವುದನ್ನು ದಿನಕ್ಕೆ ನೂರು ಸಲ ಅನ್ನುತ್ತಾರೆ, ಸುಮ್ನೆ ಸಾದಾ ಮಾತು ಅದು. ಅದರ ಬದಲು ನಿಮ್ಮ ಕನ್ನಡ ಕಿವಿಯನ್ನೇ ಕೇಳಿ. "ಮಾವಿನಹಣ್ಣು ತಿಂದೆ", "ಮಾವಿನಹಣ್ಣನ್ನು ತಿಂದೆ", ಎರಡೂ ಒಂದೇನಾ? ಮೊದಲನೆಯದರಲ್ಲಿ ಯಾವುದೋ ಹಣ್ಣು. ಎರಡನೆಯದರಲ್ಲಿ ಫ್ರಿಜ್‌ನಲ್ಲಿ ನೀವು ಇಟ್ಟಿದ್ದ ಆ ಹಣ್ಣೇ. ಮೊದಲನೆಯದು ಕುಮಾಯಿನ್ ಅಕೊ ನಙ್ ಮಂಗಾ. ಎರಡನೆಯದು ಕಿನಾಯಿನ್ ಕೊ ಅಙ್ ಮಂಗಾ. ಕನ್ನಡದಲ್ಲಿ ನಾಲಿಗೆ ತಾನಾಗಿ "ಅನ್ನು" ಸೇರಿಸಿದರೆ ಇನ್ ಕಡೆ ವಾಲಿ. ಎಲ್ಲ ಕಡೆ ನಡೆಯದು, ಆದರೆ ಶುರುವಿಗೆ ಇಷ್ಟು ಸಾಕು.

(ಅಂದ ಹಾಗೆ, ಮಂಗಾ ನಮ್ಮ ಕಡೆಯ ಪದವೇ. ತಮಿಳಿನ ಮಾಂಗಾಯ್, ಮಲಯ ಭಾಷೆಯ ದಾರಿಯಲ್ಲಿ ಇಲ್ಲಿಗೆ ಬಂದದ್ದು. ಕೋತಿ ಅಂತ ಓದಿಕೊಂಡವರು ಯಾರು ಅಂತ ಗೊತ್ತು, ಹೇಳಲ್ಲ.)

ಇದೇ ಜಾತಿಯದ್ದು ಇನ್ನೊಂದು.

ಬರೆದದ್ದು: ಬುಮಿಲಿ ಅಕೊ ಅಙ್ ಇಸ್ದಾ.

ಒಂದು ಕ್ರಿಯಾಪದಕ್ಕೆ ಒಂದೇ ಅಙ್. ಅಕೊ ಬಂದಾಗಲೇ ಅದು ಖರ್ಚಾಯಿತು. ಮೀನು ಕೊಂಡೆ ಅನ್ನಲು ಬುಮಿಲಿ ಅಕೊ ನಙ್ ಇಸ್ದಾ. ಆ ಮೀನನ್ನು ಕೊಂಡೆ ಅನ್ನಲು ಬಿನಿಲಿ ಕೊ ಅಙ್ ಇಸ್ದಾ. ಒಬ್ಬರು ನಗ್ಬಿಲಿ ಅಂತ ಬರೆದಿದ್ದೀರಿ. ನಗ್ಲುತೊ ಅಂದರೆ ಅಡುಗೆ ಮಾಡಿದ, ಹಾಗೇ ನಗ್ಬಿಲಿ ಅಂದರೆ ಕೊಂಡ ಅಂತ ಊಹಿಸಿರಬೇಕು. ನಗ್ಬಿಲಿ ಅಂದರೆ ಮಾರಿದ! ಸಂತೆಯಲ್ಲಿ ಹೀಗಂದರೆ ನಿಮ್ಮ ಬುಟ್ಟಿಯಲ್ಲಿ ಏನಿದೆ ಅಂತ ಇಣುಕುತ್ತಾರೆ. ಯಾವ ಮೂಲಕ್ಕೆ ಉಮ್, ಯಾವುದಕ್ಕೆ ನಗ್ ಅನ್ನುವುದಕ್ಕೆ ಸುಲಭದ ಸೂತ್ರ ಇಲ್ಲ. ಪದದ ಜೊತೆಗೇ ಕಲಿಯಬೇಕು.

ಲಿನುತೊ ಅಂತ ಬರೆದವರಿಗೆ: ಲ ಇಂದ ಶುರುವಾಗುವ ಪದಕ್ಕೆ ಇನ್ ತಿರುಗಿ ನಿ ಆಗಿ ಮುಂದೆ ಬರುತ್ತದೆ. ನಿಲುತೊ ಕೊ ಅಙ್ ಅದೋಬೊ.

ಹಿನುಗಾಸ್ ಕೊ ಅಙ್ ಪ್ಲಾತೊ ತಪ್ಪು. ತಟ್ಟೆ ತೊಳೆಯುವುದಕ್ಕೆ ಬಾಲದಲ್ಲಿ ಆನ್ ಬೇಕು: ಹಿನುಗಾಸಾನ್ ಕೊ ಅಙ್ ಪ್ಲಾತೊ.

ಕೊಡುವ ಮಾತಿನಲ್ಲಿ ಮೂವರು ಎಡವಿದ್ದೀರಿ.

ಬರೆದದ್ದು: ಇಬಿನಿಗಾಯ್ ಕೊ ಸಿ ಮರಿಯಾ ಅಙ್ ಲಿಬ್ರೊ.

ಜನರ ಹೆಸರಿಗೆ ಅಙ್ ಬರುವುದಿಲ್ಲ, ಅದರ ಬದಲು ಸಿ. ಅಂದರೆ ಇಲ್ಲೂ ಎರಡು ಅಙ್ ಕಿತ್ತಾಡುತ್ತಿವೆ. ಇ ಮುಂದಿದ್ದರೆ ಕೈಬದಲಾದ ವಸ್ತುವಿಗೆ ಅಙ್, ಮರಿಯಾಗೆ ನಮ್ಮ "ಗೆ"ಯಂಥ ಕಾಯ್: ಇಬಿನಿಗಾಯ್ ಕೊ ಕಾಯ್ ಮರಿಯಾ ಅಙ್ ಲಿಬ್ರೊ. ಮರಿಯಾಳೇ ಮುಖ್ಯವಾದರೆ ಆನ್: ಬಿನಿಗ್ಯಾನ್ ಕೊ ಸಿ ಮರಿಯಾ ನಙ್ ಲಿಬ್ರೊ. ಪುಸ್ತಕ ಎಲ್ಲಿ ಅಂತ ಕೇಳಿದರೆ ಮೊದಲನೆಯದು. ಮರಿಯಾಗೆ ಏನು ಕೊಟ್ಟೆ ಅಂತ ಕೇಳಿದರೆ ಎರಡನೆಯದು.

ಈಗ ಕೊಂಡಿಗಳು. ವಿಶೇಷಣ, ನಾಮಪದ ಪಕ್ಕಪಕ್ಕ ಬಂದರೆ ನಡುವೆ ಕೊಂಡಿ ಬೇಕೇ ಬೇಕು. ಕನ್ನಡದಲ್ಲಿ "ಒಳ್ಳೆ ಮನೆ" ಅಂದರೆ ಮುಗೀತು, ಅದಕ್ಕೇ ನಮಗೆ ಮರೆಯುತ್ತದೆ.

ಮಗಂದಾ ಬಾಹಾಯ್ ಅಲ್ಲ, ಮಗಂದಾಙ್ ಬಾಹಾಯ್. ತಿರುಗಿಸಿದರೆ ಬಾಹಾಯ್ ನಾ ಮಗಂದಾ. ಸ್ವರದಲ್ಲಿ ಮುಗಿದರೆ ಙ್ ಅಂಟುತ್ತದೆ, ವ್ಯಂಜನವಾದರೆ ನಾ ಬೇರೆ ನಿಲ್ಲುತ್ತದೆ. ಬಾಹಾಯ್ ಕೊನೆಯ ಯ್ ವ್ಯಂಜನ ಅನ್ನುವುದು ನೆನಪಿರಲಿ. ನ್‌ನಲ್ಲಿ ಮುಗಿದರೆ ಮಾತ್ರ ಆ ನ್ ತಾನೇ ಙ್ ಆಗುತ್ತದೆ: ಮಯಾಮಾನ್, ತಾಓ ಸೇರಿದರೆ ಮಯಾಮಾಙ್ ತಾಓ. ಎಣಿಕೆಗೂ ಅದೇ. ದಲಾವಾಙ್ ಲಿಬ್ರೊ, ಆದರೆ ಅಪಾತ್ ನಾ ಲಿಬ್ರೊ.

ಲಹಾತ್ ನಾ ತಾಓ ಅಂತ ಇಬ್ಬರು ಬರೆದಿದ್ದೀರಿ. ನಿಯಮ ಹಿಡಿದೇ ತಪ್ಪಿದ್ದೀರಿ, ಬೇಜಾರಾಗಬೇಡಿ. "ಎಲ್ಲ ಜನ" ಅನ್ನುವುದಕ್ಕೆ ಲಹಾತ್ ನಙ್ ತಾಓ. ಇದು ಕೊಂಡಿಯಲ್ಲ, ಬಿಡಿಯಾಗಿ ಬರೆಯುವ ನಙ್. ರೋಮನ್ ಬರಹದಲ್ಲಿ ಕೊಂಡಿಗೂ ಇದಕ್ಕೂ ಅದೇ ಎರಡು ಅಕ್ಷರ. ಕೊಂಡಿ ಪದಕ್ಕೆ ಅಂಟಿರುತ್ತದೆ, ಇದು ಬೇರೆ ಕೂತು ನಙ್ ಅಂತ ಪೂರ್ತಿ ಸದ್ದು ಮಾಡುತ್ತದೆ.

ಗುಸ್ತೊ ಅಕೊ ಕುಮಾಯಿನ್: ಗುಸ್ತೊ ಕೊಙ್ ಕುಮಾಯಿನ್ ಆಗಬೇಕು. ಜೀಪ್ನಿಯಲ್ಲಿ ಆ ಙ್ ಬಿಟ್ಟು ಗುಸ್ತೊ ಕೊ ಕುಮಾಯಿನ್ ಅನ್ನುವವರೂ ಸಿಗುತ್ತಾರೆ. ಅವರು ಬಿಡಬಹುದು, ನೀವು ಬರೆಯುವಾಗ ಬಿಡಬೇಡಿ.

ಕೊನೆಗೆ, ನಾಲ್ವರೂ ತಪ್ಪಿದ್ದು.

ಬರೆದದ್ದು: ಅಙ್ ಇಸ್ದಾ ನಾ ಬುಮಿಲಿ ಕೊ.
ಸರಿ: ಅಙ್ ಇಸ್ದಾಙ್ ಬಿನಿಲಿ ಕೊ.

ಇಸ್ದಾ ಸ್ವರದಲ್ಲಿ ಮುಗಿಯುತ್ತದೆ, ಆದ್ದರಿಂದ ಙ್. ಅದು ಚಿಕ್ಕ ತಪ್ಪು. ದೊಡ್ಡದು ಬುಮಿಲಿ. ಇದಕ್ಕೆ ನಮ್ಮ ಭಾಷೆಯೇ ಕಾರಣ. "ಮೀನು ಕೊಂಡ ಹೆಂಗಸು", "ಹೆಂಗಸು ಕೊಂಡ ಮೀನು", ಎರಡರಲ್ಲೂ ಅದೇ ಕೊಂಡ. ಯಾರು ಕೊಂಡರು, ಏನು ಕೊಂಡರು, ನಮ್ಮ ಕೊಂಡಕ್ಕೆ ಗೊಡವೆಯೇ ಇಲ್ಲ. ಇಲ್ಲಿ ಹಾಗಲ್ಲ. ಕೊಂಡಿಯ ಹಿಂದೆ ಯಾವುದಿದೆಯೋ ಅದನ್ನೇ ಕ್ರಿಯಾಪದ ನೋಡಬೇಕು. ಹೆಂಗಸಿದ್ದರೆ ಅಙ್ ಬಬಾಯೆಙ್ ಬುಮಿಲಿ ನಙ್ ಇಸ್ದಾ. ಮೀನಿದ್ದರೆ ಅಙ್ ಇಸ್ದಾಙ್ ಬಿನಿಲಿ ನಙ್ ಬಬಾಯೆ. ಈ ಎರಡನ್ನು ಹತ್ತು ಸಲ ಜೋರಾಗಿ ಹೇಳಿ. ಆಮೇಲೆ ಪೇಟೆಯ ಬುಕೊ ಪಾಯ್ ತೆಗೆದುಕೊಂಡು ಅದರ ಮೇಲೂ ಹೇಳಿ: ಅಙ್ ಬುಕೊ ಪಾಯ್ ನಾ ಬಿನಿಲಿ ಕೊ. ಪಾಯ್ ಯ್‌ನಲ್ಲಿ ಮುಗಿಯಿತು, ಅದಕ್ಕೇ ನಾ.

ಕುಮಾಯಿನ್ ಬಾ ಕಾ ನಾ ಅಂತ ಬರೆದಿದ್ದವರೂ ಒಬ್ಬರಿದ್ದಾರೆ. ಅದು ಕುಮಾಯಿನ್ ಕಾ ನಾ ಬಾ. ಈ ನಾ ಕೊಂಡಿಯಲ್ಲ, "ಆಗಲೇ" ಅನ್ನುವ ನಾ. ಮೊದಲು ನೀನು ಅನ್ನುವ ಕಾ, ಆಮೇಲೆ ನಾ, ಕೊನೆಗೆ ಪ್ರಶ್ನೆಯ ಬಾ. ನಮ್ಮ "ಊಟ ಆಯ್ತಾ"ದ ಹಾಗೆ ಇಲ್ಲೂ ಎದುರು ಸಿಕ್ಕವರನ್ನು ಮೊದಲು ಕೇಳುವುದು ಇದನ್ನೇ. ಮುಂದಿನ ಭಾನುವಾರ ಬಾಗಿಲಲ್ಲೇ ಕೇಳ್ತೀನಿ. ಏನು ತಿಂದಿರಿ ಅನ್ನುವುದನ್ನು ಅಙ್ ಜೊತೆಗೊಂದು, ನಙ್ ಜೊತೆಗೊಂದು ಹೇಳಿ ಒಳಗೆ ಬನ್ನಿ. ಈ ವಾರದ ಹಾಳೆಗಳನ್ನೂ ವಾಪಸ್ ತನ್ನಿ.