ಕಸದ ಲಾರಿಗಳ ಮಾರ್ಗ ಮರುಹೊಂದಿಕೆ ಮತ್ತು ಅದಕ್ಕೆ ಬೇಕಾದ ಮಾಹಿತಿ

ಇವರಿಂದ:
ಸಹಾಯಕ ಎಂಜಿನಿಯರ್,
ಘನತ್ಯಾಜ್ಯ ನಿರ್ವಹಣಾ ವಿಭಾಗ, ನಗರಸಭೆ

ಇವರಿಗೆ:
ಅಧ್ಯಕ್ಷರು ಮತ್ತು ಸರ್ವ ಸದಸ್ಯರು, ನಗರಸಭೆ

ವಿಷಯ: ಕಸ ಸಾಗಣೆ ವಾಹನಗಳ ಮಾರ್ಗ ಬದಲಾವಣೆಗೆ ಅನುಮತಿ ಹಾಗೂ ಎಂಟು ವಾರಗಳ ಮಾಹಿತಿ ಸಂಗ್ರಹಕ್ಕೆ ಮಂಜೂರಾತಿ ಕೋರಿ.

ಮಾನ್ಯರೆ,

ಕಳೆದ ಸಭೆಯಲ್ಲಿ ಎರಡು ಹೊಸ ಲಾರಿಗಳ ಬೇಡಿಕೆ ಚರ್ಚೆಗೆ ಬಂದಿತ್ತು. ಆ ಬೇಡಿಕೆಯನ್ನು ಸಿದ್ಧಪಡಿಸಿದವನು ನಾನೇ. ಈಗ ಅದನ್ನು ಸದ್ಯಕ್ಕೆ ತಡೆಹಿಡಿಯಬೇಕೆಂದು ಕೇಳುತ್ತಿರುವವನೂ ನಾನೇ. ಕಾರಣ ಇಷ್ಟು.

ಹೋದ ಮಂಗಳವಾರ ಬೆಳಿಗ್ಗೆ 6ನೇ ನಂಬರಿನ ಲಾರಿಯಲ್ಲಿ ಚಾಲಕರ ಪಕ್ಕ ಕೂತು ಇಡೀ ಸರದಿ ಸುತ್ತಿದೆ. 8.50ಕ್ಕೆ ಲಾರಿ ತುಂಬಿತು. ಇನ್ನೂ ಎರಡು ಅಡ್ಡರಸ್ತೆ ಬಾಕಿ ಇದ್ದವು. ಸಂಸ್ಕರಣಾ ಘಟಕಕ್ಕೆ ಹೋಗಿ ಕಸ ಸುರಿದು, ವಾಪಸು ಬಂದು, ಆ ಎರಡು ರಸ್ತೆಗಳ 380 ಕಿಲೋ ಕಸ ತುಂಬಿಕೊಂಡು ಮತ್ತೆ ಘಟಕಕ್ಕೆ ಹೋದೆವು. ಹೋಗಿ ಬರುವ ದಾರಿ 26 ಕಿಲೋಮೀಟರ್. ಘಟಕದ ಗೇಟಿನಲ್ಲಿ ನಮ್ಮ ಮುಂದೆ ನಿಂತಿದ್ದದ್ದು 9ನೇ ನಂಬರಿನ ಲಾರಿ. ಅದರ ತೂಕದ ಚೀಟಿಯಲ್ಲಿ 3.2 ಟನ್ ಎಂದಿತ್ತು. ಅದೂ ಆರು ಟನ್ನಿನ ಗಾಡಿಯೇ. ನಾವು ಬಿಟ್ಟು ಬಂದಿದ್ದ ಅಡ್ಡರಸ್ತೆಗಳ ತುದಿಯಲ್ಲೇ ಅದು ಬೆಳಿಗ್ಗೆ ಹಾದುಹೋಗಿತ್ತು. ಯಾಕೆ ತುಂಬಿಕೊಳ್ಳಲಿಲ್ಲ ಎಂದು ಕೇಳಿದ್ದಕ್ಕೆ ಅದರ ಚಾಲಕರು, "ಅದು ನಮ್ಮ ವಾರ್ಡಲ್ಲ ಸಾರ್" ಅಂದರು. ಅವರ ತಪ್ಪೇನೂ ಇಲ್ಲ, ನಾವು ಕೊಟ್ಟ ಆದೇಶವೇ ಹಾಗಿದೆ.

ವಾರ್ಡಿನ ಗಡಿ ಎಳೆದದ್ದು ಮತಗಳ ಲೆಕ್ಕಕ್ಕೆ. ಕಸ ಆ ಲೆಕ್ಕದಲ್ಲಿ ಹುಟ್ಟುವುದಿಲ್ಲ. ಆದ್ದರಿಂದ ನನ್ನ ಮುಖ್ಯ ಕೋರಿಕೆ ಒಂದೇ: ಲಾರಿಗಳು ವಾರ್ಡ್ ಗಡಿ ದಾಟಲು ಸಭೆ ಒಪ್ಪಬೇಕು. "ನಮ್ಮ ವಾರ್ಡಿನ ಲಾರಿ" ಎಂಬ ಮಾತು ಸದಸ್ಯರಿಗೆ ಎಷ್ಟು ಮುಖ್ಯ ಎಂದು ನನಗೆ ಗೊತ್ತು. ದೂರು ಬಂದಾಗ ಯಾರನ್ನು ಕೇಳಬೇಕು ಎಂಬುದು ಅದರಿಂದಲೇ ತಿಳಿಯುತ್ತದೆ. ಅದಕ್ಕಾಗಿ ಪ್ರತಿ ರಸ್ತೆಗೂ ಯಾವ ಲಾರಿ, ಎಷ್ಟು ಗಂಟೆಗೆ ಎಂಬ ಪಟ್ಟಿಯನ್ನು ಪ್ರತಿ ಸದಸ್ಯರಿಗೂ ಕೊಡುತ್ತೇನೆ.

ಮಾರ್ಗದ ಲೆಕ್ಕ ಹೊಸತೇನಲ್ಲ. ಪ್ರತಿ ಬೀದಿಯನ್ನೂ ಒಮ್ಮೆ ಮಾತ್ರ ತುಳಿದು ಹೊರಟಲ್ಲಿಗೇ ಮರಳಬೇಕಾದರೆ ಪ್ರತಿ ಕೂಡುರಸ್ತೆಯಲ್ಲೂ ಸಮಸಂಖ್ಯೆಯ ರಸ್ತೆಗಳು ಸೇರಬೇಕು ಎಂದು ಗಣಿತಜ್ಞ ಆಯ್ಲರ್ 1736ರಲ್ಲೇ ತೋರಿಸಿದ್ದರು. ಮೂರು ರಸ್ತೆ ಸೇರುವ ಕಡೆ ಮತ್ತು ಕೊನೆ ಮುಚ್ಚಿದ ಓಣಿಗಳಲ್ಲಿ ಲಾರಿ ಒಂದಷ್ಟು ದೂರವನ್ನು ಖಾಲಿ ತಿರುಗಲೇಬೇಕು. ಆ ಖಾಲಿ ಓಡಾಟ ಆದಷ್ಟು ಕಡಿಮೆ ಆಗುವಂತೆ ಜೋಡಿಸುವುದು ಕಂಪ್ಯೂಟರಿನ ಕೆಲಸ. ಇದಕ್ಕೆ ಉಚಿತ ತಂತ್ರಾಂಶಗಳಿವೆ, ಕೊಳ್ಳಬೇಕಾದ್ದಿಲ್ಲ. ಆದರೆ ಯಾವ ಬೀದಿಯಲ್ಲಿ ಎಷ್ಟು ಕಸ ಎಂಬುದೇ ಗೊತ್ತಿಲ್ಲದಿದ್ದರೆ ಅದು ಕೊಡುವ ಮಾರ್ಗ ನಕ್ಷೆಯಲ್ಲಿ ಚೆಂದ, 8.50ಕ್ಕೆ ಮತ್ತದೇ ಕಥೆ.

ಹಾಗಾಗಿ ಬೇಕಾದದ್ದು ಮಾಹಿತಿ. ಎಲ್ಲಕ್ಕಿಂತ ಮೊದಲು ತೂಕ. ಘಟಕದಲ್ಲಿ ಪ್ರತಿ ಟ್ರಿಪ್ಪಿಗೂ ಚೀಟಿ ಬರುತ್ತದೆ, ಆದರೆ ಅದರಲ್ಲಿ ವಾಹನದ ನಂಬರನ್ನು ಕೈಯಲ್ಲಿ ಬರೆಯುತ್ತಾರೆ. ಹೋದ ತಿಂಗಳ ಕಟ್ಟು ಬಿಚ್ಚಿ ನೋಡಿದೆ, ಅರ್ಧದಷ್ಟು ಚೀಟಿಗಳಲ್ಲಿ ನಂಬರೇ ಇಲ್ಲ. ನಂಬರ್, ಸಮಯ, ಹಸಿ ಕಸವೋ ಒಣ ಕಸವೋ ಎಂಬ ಮೂರನ್ನೂ ದಾಖಲಿಸದೆ ಚೀಟಿ ಕೊಡಬಾರದು ಎಂದು ಘಟಕಕ್ಕೆ ಆದೇಶ ಹೋಗಲಿ. ಎರಡನೆಯದು ಜಿಪಿಎಸ್. ಈಗ ಎರಡು ನಿಮಿಷಕ್ಕೊಮ್ಮೆ ಮಾತ್ರ ಲಾರಿಯ ಜಾಗ ದಾಖಲಾಗುತ್ತಿದೆ. ಅಷ್ಟರಲ್ಲಿ ಲಾರಿ ಒಂದು ಅಡ್ಡರಸ್ತೆ ಹೊಕ್ಕು ಹೊರಬಂದಿರುತ್ತದೆ. ಹತ್ತು ಸೆಕೆಂಡಿಗೊಮ್ಮೆ ಆದರೆ ಯಾವ ಮನೆ ಮುಂದೆ ಎಷ್ಟು ಹೊತ್ತು ನಿಂತಿತು ಎಂಬುದೂ ಸಿಗುತ್ತದೆ. ಬೆಳಗಿನ ಸರದಿಯಲ್ಲಿ ಓಡುವ ಹೊತ್ತಿಗಿಂತ ನಿಲ್ಲುವ ಹೊತ್ತೇ ಹೆಚ್ಚು. ಕಂದಾಯ ವಿಭಾಗದಿಂದ ರಸ್ತೆವಾರು ಮನೆ, ಹೋಟೆಲ್, ಕಲ್ಯಾಣ ಮಂಟಪಗಳ ಸಂಖ್ಯೆ, ಕಾಮಗಾರಿ ವಿಭಾಗದಿಂದ ರಸ್ತೆಯ ಅಗಲ ಮತ್ತು ಏಕಮುಖ ರಸ್ತೆಗಳ ಪಟ್ಟಿಯೂ ಬೇಕು. ಅಗಲ ಯಾಕೆಂದರೆ, ಕಿರಿದಾದ ಬೀದಿಯಲ್ಲಿ ಎರಡೂ ಬದಿಯ ಕಸವನ್ನು ಒಂದೇ ಓಟದಲ್ಲಿ ಎತ್ತಬಹುದು, ಮುಖ್ಯರಸ್ತೆಯಲ್ಲಿ ಎರಡು ಓಟ ಬೇಕೇ ಬೇಕು.

ಯಾವ ಕಡತದಲ್ಲೂ ಇಲ್ಲದ್ದು ಚಾಲಕರ ತಲೆಯಲ್ಲಿದೆ. ಎಲ್ಲಿ ತಂತಿ ತಗ್ಗಾಗಿದೆ, ಯಾವ ತಿರುವಿನಲ್ಲಿ ಶಾಲೆಯ ಹೊತ್ತಿಗೆ ಗಾಡಿ ಸಿಕ್ಕಿಕೊಳ್ಳುತ್ತದೆ ಎಂಬುದನ್ನು ಅವರೊಂದಿಗೆ ಕೂತು ನಕ್ಷೆಯ ಮೇಲೆ ಗುರುತಿಸಬೇಕು. ಈ ಎಂಟು ವಾರಗಳ ಜಿಪಿಎಸ್ ದಾಖಲೆಯನ್ನು ಯಾರ ಮೇಲೂ ಶಿಸ್ತುಕ್ರಮಕ್ಕೆ ಬಳಸುವುದಿಲ್ಲ ಎಂದು ಸಭೆ ಲಿಖಿತವಾಗಿ ಭರವಸೆ ಕೊಡಬೇಕು. ಇಲ್ಲದಿದ್ದರೆ ಉಪಕರಣದ ವೈರು ಕಿತ್ತು ಬರುವುದು ಖಂಡಿತ, ಅವರ ಜಾಗದಲ್ಲಿ ನಾನಿದ್ದರೂ ಅದನ್ನೇ ಮಾಡುತ್ತಿದ್ದೆ.

ಮಾಹಿತಿ ಕೈಗೆ ಬಂದ ಮೇಲೆ 6 ಮತ್ತು 9ನೇ ಲಾರಿಗಳ ಪ್ರದೇಶದಲ್ಲಿ ಮಾತ್ರ ನಾಲ್ಕು ವಾರ ಹೊಸ ಮಾರ್ಗ ಓಡಿಸಿ ನೋಡೋಣ. ಟ್ರಿಪ್ಪು, ಡೀಸೆಲ್, ಕಸ ಎತ್ತದ ದೂರುಗಳು, ಪೌರಕಾರ್ಮಿಕರ ಕೆಲಸ ಮುಗಿಯುವ ಹೊತ್ತು, ಈ ನಾಲ್ಕನ್ನೂ ಹಳೆಯದರೊಂದಿಗೆ ಹೋಲಿಸಿ ವರದಿ ಕೊಡುತ್ತೇನೆ. ಡೀಸೆಲ್ ಉಳಿದು ಕಾರ್ಮಿಕರ ಪಾಳಿ ಉದ್ದವಾದರೆ ಅದನ್ನು ಯಶಸ್ಸು ಎಂದು ಬರೆಯುವುದಿಲ್ಲ. ಲಾರಿಗಳು ಆಗಲೂ ಸಾಲದಿದ್ದರೆ ಖರೀದಿಯ ಬೇಡಿಕೆಯನ್ನು ಲೆಕ್ಕದ ಸಮೇತ ಮತ್ತೆ ಮಂಡಿಸುತ್ತೇನೆ.

ಮಂಗಳವಾರದ ಎರಡೂ ಲಾರಿಗಳ ತೂಕದ ಚೀಟಿ ಮತ್ತು ನಾನು ಸುತ್ತಿದ ದಾರಿಯ ನಕ್ಷೆಯನ್ನು ಲಗತ್ತಿಸಿದ್ದೇನೆ. ಮುಂದಿನ ಸಭೆಯ ಕಾರ್ಯಸೂಚಿಯಲ್ಲಿ ಈ ವಿಷಯವನ್ನು ಸೇರಿಸಬೇಕೆಂದು ಕೋರುತ್ತೇನೆ.

ತಮ್ಮ ವಿಶ್ವಾಸಿ,
ಸಹಾಯಕ ಎಂಜಿನಿಯರ್,
ಘನತ್ಯಾಜ್ಯ ನಿರ್ವಹಣಾ ವಿಭಾಗ