ಪ್ರಕರಣ ಮಂಡನೆಯ ಪ್ರಶ್ನೆಗಳು: ಗೋಪ್ಯತೆ, ಸಾಮರ್ಥ್ಯದ ಮಿತಿ ಮತ್ತು ತಜ್ಞರ ಬಳಿಗೆ ಕಳುಹಿಸುವ ನಿರ್ಧಾರ

ಪರೀಕ್ಷೆಯ ಭಯಕ್ಕೆಂದು ಬಂದಿದ್ದ 19 ವರ್ಷದ ವಿದ್ಯಾರ್ಥಿನಿಯೊಬ್ಬರು ನಾಲ್ಕನೆಯ ಭೇಟಿಯಲ್ಲಿ, ತಿಂಗಳುಗಳಿಂದ ಊಟದ ನಂತರ ತಾವೇ ವಾಂತಿ ಮಾಡಿಕೊಳ್ಳುತ್ತಿರುವುದನ್ನೂ ಕೆಲವೊಮ್ಮೆ ಬದುಕೇ ಬೇಡವೆನಿಸುವುದನ್ನೂ ತಿಳಿಸಿ, ತಾಯಿಗೆ ಹೇಳಬಾರದೆಂದು ಕೋರಿದ್ದಾರೆ. ಮರುದಿನ ತಾಯಿಯೇ ದೂರವಾಣಿ ಕರೆ ಮಾಡಿದ್ದಾರೆ. ಆಹಾರಸೇವನೆಗೆ ಸಂಬಂಧಿಸಿದ ಕಾಯಿಲೆಗಳಲ್ಲಿ ಅವರ ಆಪ್ತಸಮಾಲೋಚಕರಿಗೆ ತರಬೇತಿಯಿಲ್ಲ. ಈ ಪ್ರಕರಣವನ್ನು ಮಂಡಿಸುವ ಆ ಆಪ್ತಸಮಾಲೋಚಕರಿಗೆ ಕೇಳುವ ಪ್ರಶ್ನೆಗಳು ಇವು.

1. ಗೋಪ್ಯತೆಗೆ ಮಿತಿಗಳಿವೆಯೆಂದು ಮೊದಲ ಭೇಟಿಯಲ್ಲೇ ಯಾವ ಮಾತುಗಳಲ್ಲಿ ತಿಳಿಸಿದ್ದಿರಿ, ಅದು ಅವರಿಗೆ ಅರ್ಥವಾಗಿತ್ತೆಂದು ಹೇಗೆ ಖಚಿತಪಡಿಸಿಕೊಂಡಿರಿ?

2. ತಾಯಿಯ ಕರೆಗೆ ನೀವು ನೀಡಿದ ಉತ್ತರವನ್ನು ಯಥಾವತ್ತಾಗಿ ಹೇಳಿ. ಮಗಳು ನಿಮ್ಮ ಬಳಿ ಬರುತ್ತಿದ್ದಾರೆಂಬುದನ್ನು ಒಪ್ಪಿಕೊಳ್ಳುವುದೂ ಗೋಪ್ಯತೆಯ ಉಲ್ಲಂಘನೆಯಾಗಬಹುದಲ್ಲವೇ?

3. ಸಾಯುವ ಯೋಜನೆ, ಸಾಧನ, ಹಿಂದಿನ ಪ್ರಯತ್ನ, ಆಸರೆಯಾಗುವ ಜನ, ಇವುಗಳ ಬಗ್ಗೆ ನೇರವಾಗಿ ಕೇಳಿದಿರಾ? ನೇರವಾಗಿ ಕೇಳುವುದರಿಂದ ಆತ್ಮಹತ್ಯೆಯ ಯೋಚನೆ ಹುಟ್ಟುತ್ತದೆಂಬ ಅಂಜಿಕೆ ತಪ್ಪು ತಿಳಿವಳಿಕೆಯಾದ್ದರಿಂದ, ಕೇಳದೆ ಬಿಟ್ಟಿದ್ದರೆ ಅದರ ಕಾರಣವನ್ನು ಮರೆಮಾಚದೆ ವಿವರಿಸಿ. ಯಾವ ಉತ್ತರ ಬಂದಿದ್ದರೆ, ಅವರ ಒಪ್ಪಿಗೆ ಇಲ್ಲದೆಯೂ, ಎಷ್ಟು ಮಾಹಿತಿಯನ್ನು ಯಾರಿಗೆ ತಿಳಿಸುತ್ತಿದ್ದಿರಿ?

4. ಪದೇಪದೇ ವಾಂತಿ ಮಾಡಿಕೊಂಡರೆ ರಕ್ತದಲ್ಲಿ ಪೊಟ್ಯಾಸಿಯಂ ಕುಸಿದು ಹೃದಯದ ಬಡಿತವೇ ಏರುಪೇರಾಗಬಹುದು. ಹೀಗಿರುವಾಗ ವೈದ್ಯಕೀಯ ತಪಾಸಣೆಗೆ ಎಷ್ಟು ಬೇಗ ಕಳುಹಿಸಿದಿರಿ?

5. ಮೇಲ್ವಿಚಾರಕರ ಸಲಹೆ ಪಡೆದು ನೀವೇ ಮುಂದುವರಿಯಬಹುದಾದ ಭಾಗ ಯಾವುದು, ಖಂಡಿತ ಬಿಟ್ಟುಕೊಡಬೇಕಾದದ್ದು ಯಾವುದು?

6. ‘ನನ್ನನ್ನು ಕೈಬಿಟ್ಟರು’ ಎಂದು ಅವರಿಗೆ ಅನಿಸದಂತೆ ತಜ್ಞರ ಬಳಿಗೆ ಕಳುಹಿಸುವ ವಿಷಯವನ್ನು ಹೇಗೆ ಪ್ರಸ್ತಾಪಿಸಿದಿರಿ, ತಜ್ಞರ ಮೊದಲ ಭೇಟಿ ಆಗುವವರೆಗೆ ಅವರ ಜೊತೆಗಿದ್ದವರು ಯಾರು?